ಮೊತ್ತ ಹೊಂದಿದರೂ ಲೆಕ್ಕ ಹೊಂದದು: ಪೇಮೆಂಟ್ ಗೇಟ್‌ವೇ ವರದಿ ಮತ್ತು ಸಣ್ಣ ಅಂಗಡಿಯ ಆರ್ಡರ್ ದಾಖಲೆಗಳ ತಾಳೆ

1. ಪ್ರಶ್ನೆ

ಮೈಸೂರು ರಸ್ತೆಗೆ ಹೊಂದಿಕೊಂಡ ಬಾಪೂಜಿ ನಗರದಲ್ಲಿ ಒಂದು ಕಾಂಡಿಮೆಂಟ್ಸ್ ಅಂಗಡಿ ಇದೆ ಎಂದಿಟ್ಟುಕೊಳ್ಳೋಣ. ಚಟ್ನಿಪುಡಿ, ಕೋಡುಬಳೆ, ಹುರಿಗಾಳುಗಳನ್ನು ಅದು ತನ್ನದೇ ಜಾಲತಾಣದಲ್ಲೂ ಮಾರುತ್ತದೆ. ಗಿರಾಕಿ ಕೊಟ್ಟ ಹಣ ನೇರವಾಗಿ ಅಂಗಡಿಯ ಬ್ಯಾಂಕ್ ಖಾತೆಗೆ ಬರುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಬ್ಯಾಂಕೇತರ ಪೇಮೆಂಟ್ ಅಗ್ರಿಗೇಟರ್ ಅದನ್ನು ಎಸ್ಕ್ರೋ ಖಾತೆಯಲ್ಲಿಟ್ಟು ಆಮೇಲೆ ವ್ಯಾಪಾರಿಗೆ ಪಾವತಿಸಬೇಕು. ವಾಡಿಕೆಯಲ್ಲಿ ಇದಕ್ಕೆ ಎರಡು ಕೆಲಸದ ದಿನ ಹಿಡಿಯುತ್ತದೆ. ಹಲವು ಗಿರಾಕಿಗಳ ಹಣ ಶುಲ್ಕ ಕಳೆದು, ಮರುಪಾವತಿ ಮುರಿದುಕೊಂಡು, ಒಂದೇ ಗಂಟಾಗಿ ಒಂದು ಯುಟಿಆರ್ ಸಂಖ್ಯೆಯಡಿ ಜಮೆಯಾಗುತ್ತದೆ.

ಈ ಗಂಟನ್ನು ಬಿಚ್ಚಿ ಆರ್ಡರ್‌ಗಳೊಂದಿಗೆ ತಾಳೆ ನೋಡುವಾಗ ಅಂಗಡಿಯವರು ಸಾಮಾನ್ಯವಾಗಿ ಮೊತ್ತಕ್ಕೆ ಮೊತ್ತ ಹೋಲಿಸುತ್ತಾರೆ. ಆ ಕ್ರಮ ಎಲ್ಲಿ ಮೋಸಹೋಗುತ್ತದೆ, ಅದರ ಬದಲು ಏನನ್ನು ಹೋಲಿಸಬೇಕು ಎಂಬುದನ್ನು ಒಂದು ಮಾದರಿ ಲೆಕ್ಕದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅಂಕಿಗಳು ವಿವರಣೆಗೆಂದು ಕಟ್ಟಿದವು. ವರದಿಯ ಅಂಕಣಗಳ ಹೆಸರು ಮಾತ್ರ ಬೆಂಗಳೂರಿನ ರೇಜರ್‌ಪೇ ಸಂಸ್ಥೆಯ ಸೆಟಲ್‌ಮೆಂಟ್ ವರದಿಯಲ್ಲಿರುವಂಥವೇ.

2. ಒಂದು ದಿನದ ಲೆಕ್ಕ

ಅಂಗಡಿಯ ಡೇಟಾಬೇಸಿನಲ್ಲಿ ಆ ದಿನ ‘ಪಾವತಿಯಾಗಿದೆ’ ಎಂದು ಗುರುತಾದ ಆರ್ಡರ್‌ಗಳು ನಾಲ್ಕು: ₹640, ₹1,150, ₹820 ಮತ್ತು ₹910. ಒಟ್ಟು ₹3,520. ಗೇಟ್‌ವೇ ಶುಲ್ಕ ಶೇ. 2, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ. ಅಂದರೆ ₹70.40 ಮತ್ತು ₹12.67 ಕಳೆದು ₹3,436.93 ಬರಬೇಕು. ಬ್ಯಾಂಕಿಗೆ ಬಂದದ್ದು ₹3,406.25. ವ್ಯತ್ಯಾಸ ₹30.68 ಮಾತ್ರ. ‘ಶುಲ್ಕದಲ್ಲಿ ಏನೋ ಹೆಚ್ಚುಕಮ್ಮಿ ಆಗಿರಬೇಕು’ ಎಂದು ಯಾರಾದರೂ ಇದನ್ನು ಬದಿಗಿಡುವ ಮೊತ್ತ.

ಗೇಟ್‌ವೇ ವರದಿಯನ್ನು ಸಾಲುಸಾಲಾಗಿ ಓದಿದರೆ ಕಾಣುವುದೇ ಬೇರೆ. ಅಲ್ಲಿ ನಾಲ್ಕಲ್ಲ, ಆರು ಪಾವತಿಗಳಿವೆ. ಐದನೆಯದು ₹480. ಗಿರಾಕಿ ಹಣ ಕಟ್ಟಿದ ಮೇಲೆ ಫೋನಿನ ಸಂಪರ್ಕ ಕಡಿದು ಜಾಲತಾಣಕ್ಕೆ ಮರಳಲಿಲ್ಲ. ಗೇಟ್‌ವೇ ಕಳಿಸುವ ವೆಬ್‌ಹುಕ್ ಸೂಚನೆಯೂ ಆ ಹೊತ್ತಿನಲ್ಲಿ ಅಂಗಡಿಯ ಸರ್ವರ್‌ಗೆ ತಲುಪಲಿಲ್ಲ. ಹಣ ಸ್ವೀಕೃತವಾಯಿತು, ಆರ್ಡರ್ ಮಾತ್ರ ‘ಬಾಕಿ’ ಎಂದೇ ಉಳಿಯಿತು. ಆರನೆಯದು ಇನ್ನೊಂದು ₹820. ಮೊದಲ ಪಾವತಿ ತಡವಾದದ್ದನ್ನು ಕಂಡು ಗಿರಾಕಿ ಮತ್ತೆ ಗುಂಡಿ ಒತ್ತಿದರು. ಜಾಲತಾಣ ಅದೇ ಆರ್ಡರ್ ಸಂಖ್ಯೆಗೆ ಗೇಟ್‌ವೇಯಲ್ಲಿ ಹೊಸದೊಂದು ಆರ್ಡರ್ ತೆರೆಯಿತು. ಎರಡೂ ಪಾವತಿಗಳು ಕೈಗೂಡಿದವು.

ಹಾಗಾದರೆ ₹1,300 ಹೆಚ್ಚಿಗೆ ಬಂದಿರಬೇಕಿತ್ತಲ್ಲ? ಬಂದಿದೆ. ಆದರೆ ಹಿಂದಿನ ವಾರ ರದ್ದಾದ ₹1,300ರ ಆರ್ಡರೊಂದರ ಮರುಪಾವತಿಯೂ ಇದೇ ಸೆಟಲ್‌ಮೆಂಟಿನಲ್ಲಿ ಕಡಿತವಾಗಿದೆ. ಎರಡೂ ಒಂದನ್ನೊಂದು ನುಂಗಿಕೊಂಡವು. ಉಳಿದ ₹30.68, ಕಾಣದ ಆ ಎರಡು ಪಾವತಿಗಳ ಮೇಲಿನ ಶುಲ್ಕ ಮತ್ತು ತೆರಿಗೆ: ₹480ಕ್ಕೆ ₹11.33, ₹820ಕ್ಕೆ ₹19.35. ಕ್ಷುಲ್ಲಕವೆನಿಸಿದ ವ್ಯತ್ಯಾಸದ ಹಿಂದೆ ಹಣ ಕೊಟ್ಟೂ ಸರಕು ಸಿಗದ ಒಬ್ಬ ಗಿರಾಕಿ, ಎರಡು ಸಲ ಹಣ ತೆತ್ತ ಇನ್ನೊಬ್ಬ ಗಿರಾಕಿ ಇದ್ದಾರೆ.

3. ಯಾವ ಗುರುತಿನಿಂದ ಜೋಡಿಸಬೇಕು

ಆದ್ದರಿಂದ ಹೋಲಿಕೆ ಸಾಲಿಗೆ ಸಾಲಾಗಿ ನಡೆಯಬೇಕು. ಯಾವ ಗುರುತನ್ನು ಹಿಡಿದು ಜೋಡಿಸುತ್ತೇವೆ ಎಂಬುದೇ ಇಲ್ಲಿ ನಿರ್ಣಾಯಕ. ಅಂಗಡಿಯ ಆರ್ಡರ್ ಸಂಖ್ಯೆ (`order_receipt`) ಹಿಡಿದರೆ ಎರಡು ₹820ಗಳೂ ಒಂದೇ ಆರ್ಡರಿಗೆ ಸರಿಯಾಗಿ ಕೂಡುತ್ತವೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ. ಪಾವತಿಯ ಗುರುತು (`pay_` ಎಂದು ಆರಂಭವಾಗುವುದು) ಪ್ರತಿ ಪಾವತಿಗೂ ಬೇರೆ. ಅದನ್ನು ಹಿಡಿದರೆ ಜೊತೆಯಿಲ್ಲದ ಸಾಲು ತಾನಾಗಿ ಹೊರಬೀಳುತ್ತದೆ:

```sql
SELECT r.entity_id, r.amount, r.order_receipt
FROM recon r
LEFT JOIN orders o ON o.payment_id = r.entity_id
WHERE r.type = 'payment'
  AND (o.id IS NULL OR o.status <> 'paid'
       OR o.amount <> r.amount);
```

ನಮ್ಮ ಮಾದರಿಯಲ್ಲಿ ಇದು ಎರಡೇ ಸಾಲು ಕೊಡುತ್ತದೆ: ₹480 ಮತ್ತು ಎರಡನೆಯ ₹820. ಅವು ಯಾವ ಆರ್ಡರಿನವು ಎಂದು ತಿಳಿಯಲು ಈಗ `order_receipt` ನೆರವಾಗುತ್ತದೆ. ಮರುಪಾವತಿಯ ಸಾಲುಗಳನ್ನು ಬೇರೆಯಾಗಿ ನೋಡಬೇಕು. ಅಲ್ಲಿ `entity_id` ಮರುಪಾವತಿಯದ್ದಾಗಿರುತ್ತದೆ, ಮೂಲ ಪಾವತಿಯ ಗುರುತು `payment_id` ಅಂಕಣದಲ್ಲಿರುತ್ತದೆ.

ಎರಡು ಎಚ್ಚರಿಕೆ ಬೇಕು. ವರದಿಯ ಎಪಿಐ ಮೊತ್ತವನ್ನು ಪೈಸೆಯಲ್ಲಿ ಕೊಡುತ್ತದೆ, ₹480 ಅಲ್ಲಿ 48000. ಡೇಟಾಬೇಸಿನಲ್ಲೂ ಪೈಸೆಯ ಪೂರ್ಣಾಂಕವೇ ಇದ್ದರೆ ದಶಮಾಂಶದ ಗೊಂದಲ ತಪ್ಪುತ್ತದೆ. ಇನ್ನೊಂದು ದಿನಾಂಕದ ವಿಷಯ. ಸರ್ವರ್ ಯುಟಿಸಿ ಸಮಯದಲ್ಲಿದ್ದರೆ ನಮ್ಮ ಮಧ್ಯರಾತ್ರಿಯಿಂದ ಬೆಳಗಿನ ಜಾವ ಐದೂವರೆಯವರೆಗಿನ ಆರ್ಡರ್‌ಗಳು ಹಿಂದಿನ ದಿನಕ್ಕೆ ಜಾರುತ್ತವೆ. ಹೀಗಾಗಿ ದಿನಾಂಕದಿಂದ ಗುಂಪು ಮಾಡದೆ `settlement_id`ಯಿಂದ ಗುಂಪು ಮಾಡುವುದು ಲೇಸು. ಬ್ಯಾಂಕಿನ ಒಂದು ಜಮೆಗೆ ಒಂದು `settlement_id`.

4. ಗೇಟ್‌ವೇ ಒಬ್ಬ ಬಾಕಿದಾರ

ಮೇಲಿನ ಎಸ್‌ಕ್ಯೂಎಲ್ ಪ್ರಶ್ನೆ ಗೇಟ್‌ವೇಯಲ್ಲಿದ್ದು ಅಂಗಡಿಯಲ್ಲಿಲ್ಲದ್ದನ್ನು ಹಿಡಿಯಿತು. ತಿರುಗಾಮುರುಗಾ, ಅಂಗಡಿಯಲ್ಲಿದ್ದು ವರದಿಯಲ್ಲಿಲ್ಲದ್ದನ್ನೂ ಕೇಳಬೇಕು. ಅದಕ್ಕೆ ಸಿಗುವ ಉತ್ತರದಲ್ಲಿ ಬಹುಪಾಲು ತಪ್ಪಲ್ಲ, ಇನ್ನೂ ಬರಬೇಕಾದ ಹಣ. ಎರಡನ್ನೂ ಬೇರ್ಪಡಿಸಲು ಹಳೆಯ ಜಮಾಖರ್ಚಿನ ಉಪಾಯವೇ ಸಾಕು: ಉದ್ರಿ ಗಿರಾಕಿಯಂತೆ ಗೇಟ್‌ವೇಗೂ ಒಂದು ಖಾತೆ ತೆರೆಯುವುದು. ಪಾವತಿಯಾದ ಪೂರ್ಣ ಮೊತ್ತ ಅದರ ಹೆಸರಿಗೆ ಬಾಕಿ. ಶುಲ್ಕ, ಮರುಪಾವತಿ ಮತ್ತು ಬ್ಯಾಂಕ್ ಜಮೆ ಅದರಿಂದ ವಜಾ.

ಮಾದರಿಯ ದಿನಕ್ಕೆ ಬಾಕಿ ₹4,820. ವಜಾ: ಶುಲ್ಕ ಮತ್ತು ತೆರಿಗೆ ₹113.75, ಮರುಪಾವತಿ ₹1,300, ಬ್ಯಾಂಕಿಗೆ ₹3,406.25. ಉಳಿಕೆ ಸೊನ್ನೆ. ಯಾವುದೇ ದಿನ ಈ ಖಾತೆಯ ಶಿಲ್ಕು ಕಳೆದ ಎರಡು ಕೆಲಸದ ದಿನಗಳ ಪಾವತಿಯಷ್ಟೇ ಇರಬೇಕು. ವಾರ ಕಳೆದರೂ ಕರಗದ ಸಾಲಿದ್ದರೆ ಅದನ್ನು ಹೆಸರಿಟ್ಟು ಗೇಟ್‌ವೇಯನ್ನು ಕೇಳಬಹುದು. ಬ್ಯಾಂಕಿಗೆ ಬಂದ ₹3,406.25ನ್ನೇ ಮಾರಾಟವೆಂದು ಬರೆಯುವ ಅಭ್ಯಾಸವೂ ಇದರಿಂದ ತಪ್ಪುತ್ತದೆ. ಮಾರಾಟ ಪೂರ್ಣ ಮೊತ್ತ, ಶುಲ್ಕ ಖರ್ಚು. ಶುಲ್ಕದ ಮೇಲಿನ ಜಿಎಸ್‌ಟಿಗೆ ಸಾಮಾನ್ಯ ನೋಂದಣಿಯ ವ್ಯಾಪಾರಿ ಹೂಡುವಳಿ ತೆರಿಗೆ ಜಮೆ ಕೇಳಬಹುದು, ಕಾಂಪೊಸಿಶನ್ ಯೋಜನೆಯವರಿಗೆ ಅದಿಲ್ಲ.

5. ಮಿತಿ ಮತ್ತು ನಿರ್ಣಯ

ಈ ಕ್ರಮ ಗೇಟ್‌ವೇ ಮೂಲಕ ಬಂದ ಹಣಕ್ಕೆ ಮಾತ್ರ. ಗಲ್ಲಾಪೆಟ್ಟಿಗೆಯ ಮುಂದಿನ ಯುಪಿಐ ಕ್ಯೂಆರ್ ಫಲಕಕ್ಕೆ ಬಿದ್ದ ಹಣವಾಗಲಿ, ಮನೆಬಾಗಿಲಲ್ಲಿ ಕೊಟ್ಟ ನಗದಾಗಲಿ ಈ ವರದಿಯಲ್ಲಿ ಕಾಣಿಸದು. ಜೊತೆಯಿಲ್ಲದ ಸಾಲನ್ನು ಪ್ರಶ್ನೆ ತೋರಿಸುತ್ತದೆಯೇ ಹೊರತು, ₹480ಕ್ಕೆ ಸರಕು ಕಳಿಸಬೇಕೋ ಹಣ ಮರಳಿಸಬೇಕೋ ಎಂಬುದನ್ನು ದಾಸ್ತಾನು ನೋಡಿ, ಗಿರಾಕಿಯನ್ನು ಕೇಳಿ ನಿರ್ಧರಿಸಬೇಕು. ಎರಡನೆಯ ₹820 ಮರಳಿಸಿದರೂ ಅದರ ಶುಲ್ಕ ₹19.35 ಸಾಮಾನ್ಯವಾಗಿ ಅಂಗಡಿಗೆ ನಷ್ಟವೇ.

ಖಾತೆಯಿಂದ ಹಣ ಕಡಿತವಾಗಿ ವ್ಯಾಪಾರಿಗೆ ದೃಢೀಕರಣ ಸಿಗದ ಪಾವತಿಯನ್ನು ಐದು ದಿನದೊಳಗೆ ಮರಳಿಸಬೇಕು, ಮೀರಿದರೆ ದಿನಕ್ಕೆ ₹100 ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಹೇಳುತ್ತದೆ. ಆದರೆ ಹಣ ಸ್ವೀಕೃತವಾಗಿ ಅಂಗಡಿಯ ಖಾತೆಗೇ ಜಮೆಯಾದ ಮೇಲೆ ಅದು ತನ್ನಷ್ಟಕ್ಕೆ ಹಿಂದಿರುಗುವುದನ್ನು ನೆಚ್ಚಿ ಕೂರುವಂತಿಲ್ಲ, ಅಂಗಡಿಯೇ ಕಂಡುಹಿಡಿಯಬೇಕು. ತಿಂಗಳ ಕೊನೆಯ ತಾಳೆ ಇದಕ್ಕೆ ತೀರ ತಡ. ಬ್ಯಾಂಕಿಗೆ ಜಮೆ ಬಿದ್ದ ದಿನವೇ, ಆ ಒಂದು ಸೆಟಲ್‌ಮೆಂಟಿನ ಸಾಲುಗಳನ್ನು ಪಾವತಿ ಗುರುತಿನಿಂದ ಜೋಡಿಸಿ ನೋಡಬೇಕು. ಪೈಸೆಯ ವ್ಯತ್ಯಾಸವನ್ನೂ ‘ಶುಲ್ಕ’ ಎಂದು ಬರೆದು ಮುಗಿಸುವ ಮುನ್ನ ಅದು ಯಾವ ಪಾವತಿಯ ಶುಲ್ಕ ಎಂದು ತೋರಿಸಲಾಗದಿದ್ದರೆ, ಆ ಲೆಕ್ಕ ತಾಳೆಯಾಗಿಲ್ಲ.