ಬೇರೆಯವರ ವೀಡಿಯೊಗೆ ಸ್ಕ್ರಿಪ್ಟ್ ಬರೆಯುವುದು: ಗಡಿಭಾಗದ ಎರಡು ಭಾಷೆಯವರಿಗೆ ಒಂದು ಮಾಹಿತಿ

ಮಂಗಳವೇಢೆ ತಾಲೂಕಿನ ಮರವಡೆ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಶಾಲೆ ಹಾಗೂ ಕಚೇರಿಯಲ್ಲಿ ಮರಾಠಿ ನಡೆಯುವುದು ಹೊಸ ಮಾತೇನಲ್ಲ. ಈ ಎರಡು ಭಾಷೆಯ ರೂಢಿ ಈಗ ಒಂದು ಕೆಲಸಕ್ಕೂ ಒದಗುತ್ತದೆ. ಯೂಟ್ಯೂಬ್ ಚಾನೆಲ್ ನಡೆಸುವ ಅನೇಕರಿಗೆ ಕ್ಯಾಮೆರಾದ ಮುಂದೆ ಮಾತಾಡಲು ಬರುತ್ತದೆ, ಬರೆಯಲು ಸಮಯವಿಲ್ಲ. ಅವರು ಹೇಳಬೇಕಾದ ಮಾತನ್ನು ಮೊದಲೇ ಬರೆದು ಕೊಡುವುದೇ ಸ್ಕ್ರಿಪ್ಟ್ ಬರೆಯುವವರ ಕೆಲಸ.

ಇದು ಅನುವಾದದ ಕೆಲಸವಲ್ಲ. ಒಂದೇ ವಿಷಯವಾದರೂ ಕನ್ನಡ ನೋಡುಗರಿಗೆ ಗೊತ್ತಿರುವುದು ಬೇರೆ, ಮರಾಠಿ ನೋಡುಗರಿಗೆ ಗೊತ್ತಿರುವುದು ಬೇರೆ. ಆದ್ದರಿಂದ ವೀಡಿಯೊ ಶುರುವಾಗುವ ಮಾತೇ ಬದಲಾಗಬೇಕು. ಮಂಗಳವೇಢೆ ಊರನ್ನೇ ಉದಾಹರಣೆಗೆ ತೆಗೆದುಕೊಂಡು ಇದನ್ನು ನೋಡಬಹುದು.

ಒಂದು ಊರು, ಎರಡು ಆರಂಭ

ಮೊದಲ 30 ಸೆಕೆಂಡಿನಲ್ಲಿ ನೋಡುಗನನ್ನು ಹಿಡಿದಿಡುವ ಮಾತಿಗೆ ಈ ಕೆಲಸದಲ್ಲಿ 'ಹುಕ್' ಎನ್ನುತ್ತಾರೆ. ಒಳ್ಳೆಯ ಹುಕ್ಕಿನಲ್ಲಿ ಎರಡು ಭಾಗವಿರುತ್ತದೆ. ನೋಡುಗನಿಗೆ ಈಗಾಗಲೇ ಗೊತ್ತಿರುವ ಒಂದು ಹೆಸರು, ಮತ್ತು ಆ ಹೆಸರಿನ ಬಗ್ಗೆ ಅವನಿಗೆ ಗೊತ್ತಿಲ್ಲದ ಒಂದು ಸಂಗತಿ. ಬರೀ ಗೊತ್ತಿರುವುದನ್ನೇ ಹೇಳಿದರೆ ಬೇಸರ ಬರುತ್ತದೆ. ಬರೀ ಗೊತ್ತಿಲ್ಲದ್ದನ್ನು ಹೇಳಿದರೆ ತನಗೇನು ಸಂಬಂಧವೆಂದು ಮುಂದೆ ಹೋಗುತ್ತಾನೆ.

ಕನ್ನಡ ನೋಡುಗರಿಗೆ ಮಂಗಳವೇಢೆ ಎಂಬ ಹೆಸರು ಅಷ್ಟು ಪರಿಚಿತವಲ್ಲ, ಬಸವಣ್ಣನವರು ಎಲ್ಲರಿಗೂ ಗೊತ್ತು. ಅವರಿಗೆ ಆರಂಭ ಹೀಗಿರಬಹುದು: "ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮೊದಲು ಒಂದು ಊರಿನ ಭಂಡಾರದಲ್ಲಿ ಲೆಕ್ಕ ಬರೆಯುತ್ತಿದ್ದರು. ಆ ಊರು ಇವತ್ತು ಕರ್ನಾಟಕದಲ್ಲಿ ಇಲ್ಲ."

ಮರಾಠಿ ನೋಡುಗರಿಗೆ ಮಂಗಳವೇಢೆ ಎಂದರೆ ದಾಮಾಜಿಪಂತರ ಊರು. ಬರಗಾಲದಲ್ಲಿ ಸುಲ್ತಾನನ ಕಣಜ ತೆರೆದು ಜನರಿಗೆ ಧಾನ್ಯ ಹಂಚಿದ ಅಧಿಕಾರಿಯ ಕಥೆ ಅಲ್ಲಿ ಮಕ್ಕಳಿಗೂ ತಿಳಿದಿದೆ. ಅದನ್ನೇ ಮತ್ತೆ ಹೇಳಿದರೆ ಯಾರೂ ನಿಲ್ಲುವುದಿಲ್ಲ. ಅವರಿಗೆ ಬೇಕಾದದ್ದು ಇನ್ನೊಂದು ತುದಿ: ದಾಮಾಜಿಗಿಂತ ಸುಮಾರು 300 ವರ್ಷ ಮೊದಲು, ಅದೇ ಊರಿನ ಭಂಡಾರದಲ್ಲಿ, ಇನ್ನೊಬ್ಬ ಸಂತ ಲೆಕ್ಕದ ಕಡತ ಹಿಡಿದು ಕೂತಿದ್ದರು. ಅವರು ಯಾರು?

ವಿಷಯ ಒಂದೇ, ಬಾಗಿಲು ಎರಡು. ಕನ್ನಡದ್ದನ್ನು ಹಾಗೆಯೇ ಮರಾಠಿಗೆ ಇಳಿಸಿದವರಿಗೆ ಈ ಎರಡನೇ ಬಾಗಿಲು ಕಾಣುವುದಿಲ್ಲ.

ಎಂಟು ನಿಮಿಷದ ಚೌಕಟ್ಟು

ಗಿರಾಕಿಗಳು ಸಾಮಾನ್ಯವಾಗಿ 8 ನಿಮಿಷದ ಸ್ಕ್ರಿಪ್ಟ್ ಕೇಳುತ್ತಾರೆ. ಇದಕ್ಕೆ ಕಾರಣವಿದೆ. ವೀಡಿಯೊದ ನಡುವೆ ಜಾಹೀರಾತು ಹಾಕಲು ಮೊದಲು ಕನಿಷ್ಠ 10 ನಿಮಿಷದ ಉದ್ದ ಬೇಕಿತ್ತು. 2020ರ ಜುಲೈನಿಂದ ಯೂಟ್ಯೂಬ್ ಅದನ್ನು 8 ನಿಮಿಷಕ್ಕೆ ಇಳಿಸಿತು. ಬರೆಯುವವರು ಸರಿಯಾಗಿ 8 ನಿಮಿಷಕ್ಕೆ ಬರೆದು, ಓದುವವರು ಅವಸರದಲ್ಲಿ ಓದಿ 7 ನಿಮಿಷ 40 ಸೆಕೆಂಡಿಗೆ ಮುಗಿಸಿದರೆ ಗಿರಾಕಿಗೆ ಆ ಜಾಹೀರಾತು ತಪ್ಪುತ್ತದೆ. ಆದ್ದರಿಂದ ಅರ್ಧ ನಿಮಿಷ ಹೆಚ್ಚೇ ಬರೆಯುವುದು ಒಳ್ಳೆಯದು.

ಎಷ್ಟು ಪದ ಬರೆಯಬೇಕು ಎಂಬುದಕ್ಕೆ ಗಿರಾಕಿಯ ಹಳೆಯ ವೀಡಿಯೊವೇ ಅಳತೆ. ಒಂದು ನಿಮಿಷ ಕೇಳಿ, ಅವರು ಆಡಿದ ಪದಗಳನ್ನು ಎಣಿಸಬೇಕು. 100 ಪದ ಬಂದರೆ ಎಂಟೂವರೆ ನಿಮಿಷಕ್ಕೆ 850 ಪದ.

ಮಂಗಳವೇಢೆಯ ಸ್ಕ್ರಿಪ್ಟನ್ನು ಹೀಗೆ ಹಂಚಬಹುದು. ಮೊದಲ ಅರ್ಧ ನಿಮಿಷ ಮೇಲಿನ ಹುಕ್. ನಂತರ ಒಂದು ನಿಮಿಷ, ಊರು ಎಲ್ಲಿದೆ, ಇವತ್ತು ಹೇಗಿದೆ. ಮುಂದಿನ ಎರಡೂವರೆ ನಿಮಿಷ 12ನೇ ಶತಮಾನ: ಕಳಚುರಿ ಬಿಜ್ಜಳ, ಮಂಗಳವಾಡ ಎಂಬ ಹಳೆಯ ಹೆಸರು, ಕರಣಿಕನಾಗಿ ಸೇರಿದ ಬಸವಣ್ಣ. ಆಮೇಲೆ ಎರಡು ನಿಮಿಷ 15ನೇ ಶತಮಾನದ ಬರಗಾಲ ಮತ್ತು ದಾಮಾಜಿ. ಕಣಜ ತೆರೆದ ತಪ್ಪಿಗೆ ಬೀದರಿನಿಂದ ಕರೆ ಬಂದಾಗ, ವಿಠ್ಠಲನೇ ವಿಠೂ ಎಂಬ ಮಹಾರನ ವೇಷದಲ್ಲಿ ಹೋಗಿ ಧಾನ್ಯದ ಹಣ ಕಟ್ಟಿ ಬಂದನೆಂದು ಕಥೆ ಹೇಳುತ್ತದೆ. ಬಸವಣ್ಣನವರು ಹೋದ ಕಲ್ಯಾಣವೂ ಇವತ್ತಿನ ಬೀದರ ಜಿಲ್ಲೆಯಲ್ಲೇ ಇದೆ. ಈ ಒಂದು ವಾಕ್ಯ ಎರಡು ಭಾಗಗಳನ್ನು ಕೂಡಿಸುತ್ತದೆ. ಉಳಿದ ಎರಡೂವರೆ ನಿಮಿಷದಲ್ಲಿ ಇವತ್ತಿನ ಎರೆಹೊಲ, 2016ರಲ್ಲಿ ಭೌಗೋಳಿಕ ಸೂಚಕ ಪಡೆದ ಮಂಗಳವೇಢೆ ಜೋಳ, ಮತ್ತು ಮುಕ್ತಾಯ.

ಹುಕ್ಕಿನಲ್ಲಿ ಎತ್ತಿದ ಪ್ರಶ್ನೆಗೆ ಎರಡನೇ ನಿಮಿಷದಲ್ಲೇ ಪೂರ್ತಿ ಉತ್ತರ ಕೊಟ್ಟುಬಿಟ್ಟರೆ ನೋಡುಗನಿಗೆ ಮುಂದೆ ಕೂರಲು ಕಾರಣ ಉಳಿಯುವುದಿಲ್ಲ. ಆದ್ದರಿಂದ ಒಂದು ಉತ್ತರ ಮುಗಿಯುವ ಜಾಗದಲ್ಲೇ ಮುಂದಿನ ಪ್ರಶ್ನೆ ಇಡಬೇಕು. ಬಸವಣ್ಣನವರು ಊರು ಬಿಟ್ಟರು ಎಂದಾದ ಮೇಲೆ, "ಅದೇ ಊರಿನ ಕಣಜದ ಬೀಗ 300 ವರ್ಷದ ನಂತರ ಇನ್ನೊಬ್ಬರ ಕೈಗೆ ಬಂತು" ಎಂದರೆ ದಾರಿ ಮುಂದುವರಿಯುತ್ತದೆ.

ಸ್ಕ್ರಿಪ್ಟನ್ನು ಎರಡು ಸಾಲಂಕಣದಲ್ಲಿ ಕೊಡುವುದು ರೂಢಿ. ಎಡಗಡೆ ಪರದೆಯ ಮೇಲೆ ಕಾಣುವುದು, ಬಲಗಡೆ ಕಿವಿಗೆ ಕೇಳುವುದು. ಎಡಗಡೆ ಬರೆದ ಚಿತ್ರ ಗಿರಾಕಿಯ ಬಳಿ ಇದೆಯೇ ಎಂದು ಮೊದಲೇ ಕೇಳಬೇಕು. ದಾಮಾಜಿ ಗುಡಿಯ ಚಿತ್ರ ಸಿಗುತ್ತದೆ, ಬಿಜ್ಜಳನ ಭಂಡಾರದ ಚಿತ್ರ ಎಲ್ಲಿಂದ ತರುವುದು?

ಕೆಡುವುದು ಎಲ್ಲಿ

ಹೆಚ್ಚಿನ ಸ್ಕ್ರಿಪ್ಟ್ ಕೆಡುವುದು ಮೊದಲ ಸಾಲಿನಲ್ಲೇ. "ನಮಸ್ಕಾರ ಸ್ನೇಹಿತರೇ, ನಮ್ಮ ಚಾನೆಲ್‌ಗೆ ಸ್ವಾಗತ, ಸಬ್‌ಸ್ಕ್ರೈಬ್ ಮಾಡಿ" ಎನ್ನುವಷ್ಟರಲ್ಲಿ ಹತ್ತು ಸೆಕೆಂಡು ಹೋಗಿರುತ್ತದೆ. ನಮಸ್ಕಾರ ಹುಕ್ಕಿನ ನಂತರ ಬಂದರೂ ಮರ್ಯಾದೆಗೇನೂ ಕಡಿಮೆಯಾಗುವುದಿಲ್ಲ.

ಎರಡನೆಯದು ಗ್ರಂಥದ ಭಾಷೆ. ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡಬೇಕು. ಉಸಿರು ಕಟ್ಟುವ ಜಾಗದಲ್ಲಿ ವಾಕ್ಯವನ್ನು ಎರಡು ಮಾಡಬೇಕು.

ಮೂರನೆಯದು ಎರಡು ಭಾಷೆಯವರೇ ಮಾಡುವ ತಪ್ಪು. ಮರಾಠಿಯಲ್ಲಿ 'ಸಂಧಿ' ಎಂದರೆ ಅವಕಾಶ, ಕನ್ನಡದಲ್ಲಿ ಕೀಲು. ಹಾಗೆಯೇ ಗಡಿಯಲ್ಲಿ 'ಜೋಳ' ಎಂದರೆ ರೊಟ್ಟಿಯ ಜೋಳ, ಮೈಸೂರು ಕಡೆಯ ಅನೇಕರು ಮುಸುಕಿನ ಜೋಳ ಎಂದುಕೊಳ್ಳುತ್ತಾರೆ. 'ಬಿಳಿ ಜೋಳ' ಎಂದು ಬರೆದರೆ ತೊಂದರೆಯಿಲ್ಲ.

ತಪ್ಪು ಎಲ್ಲಾಯಿತು ಎಂಬುದನ್ನು ವೀಡಿಯೊ ಪ್ರಕಟವಾದ ಒಂದು ವಾರದ ನಂತರ ಗಿರಾಕಿಯ ಯೂಟ್ಯೂಬ್ ಸ್ಟುಡಿಯೋದಲ್ಲಿ ನೋಡಬಹುದು. ಎಷ್ಟು ಜನ ಎಷ್ಟು ಹೊತ್ತು ಉಳಿದರು ಎಂಬ ಗೆರೆ ಅಲ್ಲಿರುತ್ತದೆ, 30ನೇ ಸೆಕೆಂಡಿನಲ್ಲಿ ಶೇಕಡಾ ಎಷ್ಟು ಜನ ಉಳಿದಿದ್ದರು ಎಂಬುದನ್ನೂ ತೋರಿಸುತ್ತದೆ. ಅಲ್ಲೇ ಗೆರೆ ಕುಸಿದಿದ್ದರೆ ದೋಷ ಹುಕ್ಕಿನದು ಅಥವಾ ತಲೆಬರಹದ್ದು. ನಡುವೆ ಒಂದು ಜಾಗದಲ್ಲಿ ಕುಸಿದಿದ್ದರೆ ಆ ಹೊತ್ತಿನ ಸಾಲುಗಳನ್ನು ತೆಗೆದು ಓದಬೇಕು. ಆ ಚಿತ್ರವನ್ನು ಕಳಿಸಲು ಗಿರಾಕಿಗೆ ಕೇಳುವುದರಲ್ಲಿ ಸಂಕೋಚವಿಲ್ಲ.

ಗಿರಾಕಿ ಸಿಗುವುದು ಹೇಗೆ

ದೊಡ್ಡ ಚಾನೆಲ್‌ಗಳಿಗೆ ತಮ್ಮದೇ ಬರಹಗಾರರು ಇರುತ್ತಾರೆ. ವಾರಕ್ಕೊಂದಾದರೂ ವೀಡಿಯೊ ಹಾಕುವ, ಮಾತು ಚೆನ್ನಾಗಿರುವ, ಆದರೆ ಆರಂಭ ಎಳೆಯುವ ನಡುವಿನ ಚಾನೆಲ್‌ಗಳನ್ನು ಪಟ್ಟಿ ಮಾಡಬೇಕು. ಇತಿಹಾಸ, ಗುಡಿ-ಜಾತ್ರೆ, ಒಕ್ಕಲುತನದ ಚಾನೆಲ್‌ಗಳಿಗೆ ಗಡಿಯ ವಿಷಯ ಬೇಕಾಗುತ್ತದೆ. ಸೊಲ್ಲಾಪುರದ ಚಾದರ, ಶೇಂಗಾ ಚಟ್ನಿಯ ವ್ಯಾಪಾರಿಗಳಿಗೂ ಎರಡು ಭಾಷೆಯ ಸಣ್ಣ ವೀಡಿಯೊ ಬೇಕು. ಕೆಲವರು ವ್ಯವಹಾರದ ಇ-ಮೇಲ್ ವಿಳಾಸವನ್ನು ಚಾನೆಲ್ ವಿವರದ ಪುಟದಲ್ಲಿ ಕೊಟ್ಟಿರುತ್ತಾರೆ.

ಪತ್ರದಲ್ಲಿ ಡಿಗ್ರಿ, ಅನುಭವ ಬರೆದರೆ ಓದುವವರಿಲ್ಲ. ಅವರದೇ ಕಳೆದ ವೀಡಿಯೊದ ಮೊದಲ 30 ಸೆಕೆಂಡನ್ನು ಹೊಸದಾಗಿ ಬರೆದು ಕಳಿಸಬೇಕು: "ಸರ್, ನಿಮ್ಮ ಜಾತ್ರೆಯ ವೀಡಿಯೊ ನೋಡಿದೆ. ಮೂರನೇ ನಿಮಿಷದಲ್ಲಿ ಹೇಳಿದ ಮಾತನ್ನು ಮೊದಲಿಗೆ ತಂದರೆ ಹೇಗಿರುತ್ತದೆ ಎಂದು ಕೆಳಗೆ ಬರೆದಿದ್ದೇನೆ. ಬೇಕಾದರೆ ಬಳಸಿಕೊಳ್ಳಿರಿ. ಇದೇ ವಿಷಯದ ಮರಾಠಿ ಆರಂಭವನ್ನೂ ಸೇರಿಸಿದ್ದೇನೆ." ಮಾದರಿ ಅಷ್ಟು ಸಾಕು. ಇಡೀ ಸ್ಕ್ರಿಪ್ಟನ್ನು ಬಿಟ್ಟಿಯಾಗಿ ಬರೆಯಿಸಿಕೊಳ್ಳಲು ನೋಡುವವರಿಂದ ದೂರ ಇರಬೇಕು. ಒಂದು ವಾರದಲ್ಲಿ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಬಿಡಬೇಕು.

ದರದ ಲೆಕ್ಕ

ಪದಕ್ಕೆ ಇಷ್ಟು ಎಂಬ ದರ ಕನ್ನಡಕ್ಕೆ ನಷ್ಟ. ಇಂಗ್ಲಿಷಿನಲ್ಲಿ ಮೂರು-ನಾಲ್ಕು ಪದವಾಗುವುದು ಕನ್ನಡದಲ್ಲಿ ಒಂದೇ ಪದದೊಳಗೆ ಕೂಡಿಕೊಳ್ಳುತ್ತದೆ: 'ಮನೆಯೊಳಗಿನಿಂದ'. ಮಾತಿನ ನಿಮಿಷಕ್ಕೆ ಇಷ್ಟು ಎಂಬುದೇ ಸರಿಯಾದ ಅಳತೆ.

ದರ ನಿಲ್ಲಿಸುವುದು ತಾಸಿನ ಮೇಲೆ. ಮೇಲಿನ ಸ್ಕ್ರಿಪ್ಟಿಗೆ ಓದಿ ಮಾಹಿತಿ ತೆಗೆಯಲು 5 ತಾಸು, ಬರೆಯಲು 4, ತಿದ್ದಲು 2, ಫೋನಿನ ಮಾತಿಗೆ 1, ಒಟ್ಟು 12 ತಾಸು ಎಂದಿಟ್ಟುಕೊಳ್ಳಿ. ತಾಸಿಗೆ 100 ರೂಪಾಯಿ ಬೇಕೆಂದರೆ 1,200 ರೂಪಾಯಿ, ಅಂದರೆ 8 ನಿಮಿಷಕ್ಕೆ ನಿಮಿಷಕ್ಕೆ 150. ಇದು ಲೆಕ್ಕದ ಮಾದರಿ, ಪೇಟೆಯ ದರವಲ್ಲ. ಮರಾಠಿ ಸ್ಕ್ರಿಪ್ಟನ್ನೂ ಕೇಳಿದರೆ ಓದುವ 5 ತಾಸು ಉಳಿಯುತ್ತದೆ, ಹುಕ್ ಮತ್ತು ಬರವಣಿಗೆಯ ತಾಸು ಉಳಿಯುವುದಿಲ್ಲ. 7 ತಾಸಿಗೆ 700 ರೂಪಾಯಿ ಹಾಕಬಹುದು. "ಅನುವಾದ ತಾನೇ, ಇನ್ನೂರಕ್ಕೆ ಮಾಡಿಕೊಡಿ" ಎಂದರೆ ಈ ಲೆಕ್ಕವನ್ನೇ ತೋರಿಸಬೇಕು.

ಅರ್ಧ ಹಣ ಮೊದಲು, ಅರ್ಧ ಕೊನೆಯ ಪ್ರತಿ ಕೊಡುವಾಗ. ತಿದ್ದುಪಡಿ ಎರಡು ಸಲ. ವಿಷಯವನ್ನೇ ಬದಲಿಸಿದರೆ ಅದು ಹೊಸ ಕೆಲಸ.

ಬರೆದಿಟ್ಟುಕೊಳ್ಳಬೇಕಾದದ್ದು

ಸಂಬಳದ ನೌಕರನಲ್ಲದ ಬರಹಗಾರನೇ ತಾನು ಬರೆದದ್ದರ ಮೊದಲ ಹಕ್ಕುದಾರ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮು ಹೇಳುತ್ತದೆ. 19ನೇ ಕಲಮಿನ ಪ್ರಕಾರ ಹಕ್ಕು ಬಿಟ್ಟುಕೊಡುವುದು ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು. ಅವಧಿ ಬರೆಯದಿದ್ದರೆ ಅದು 5 ವರ್ಷ ಎಂದೇ ಅರ್ಥ.

ಎರಡು ಭಾಷೆಯವರು ಇಲ್ಲಿ ಒಂದು ಮಾತನ್ನು ಮರೆಯಬಾರದು. ಅನುವಾದದ ಹಕ್ಕೂ ಕೃತಿಸ್ವಾಮ್ಯದ ಒಂದು ಭಾಗ. 'ಎಲ್ಲ ಹಕ್ಕು' ಎಂದು ಸಹಿ ಮಾಡಿದರೆ, ಅದೇ ಬರಹದ ಮರಾಠಿ ರೂಪವನ್ನು ಬೇರೆಯವರಿಗೆ ಕೊಡಲು ತಕರಾರು ಬರುತ್ತದೆ. 'ಈ ಕನ್ನಡ ವೀಡಿಯೊಗೆ ಮಾತ್ರ' ಎಂಬ ನಾಲ್ಕು ಪದಗಳನ್ನು ಕರಾರಿನಲ್ಲಿ ಸೇರಿಸಿಕೊಂಡರೆ ಆ ಎರಡನೇ ಬಾಗಿಲು ಬರೆದವರ ಕೈಯಲ್ಲೇ ಉಳಿಯುತ್ತದೆ.