ಹರಳಿನ ಹಿಡಿತ: ಉಂಗುರದ ಕಟ್ಟುಗಳ ಇತಿಹಾಸ ಮತ್ತು ದುಡಿಯುವ ಕೈ

ವೇಲ್ಸ್‌ನ ಕಾರ್ಲಿಯನ್‌ನಲ್ಲಿ ರೋಮನ್ ಸೇನೆಯ ಕೋಟೆಯೊಂದಿತ್ತು. ಅದರ ಸ್ನಾನಗೃಹದ ಚರಂಡಿಯನ್ನು ಅಗೆದಾಗ ಪುರಾತತ್ವಜ್ಞರಿಗೆ 88 ಕೆತ್ತನೆಯ ಹರಳುಗಳು ಸಿಕ್ಕವು. ಇಂಗ್ಲೆಂಡಿನ ಕಾರ್ಲೈಲ್‌ನ ರೋಮನ್ ಸ್ನಾನಗೃಹದ ಚರಂಡಿಯಲ್ಲೂ ಇಂಥವೇ ಸುಮಾರು 30 ಹರಳುಗಳು ದೊರೆತ ಸುದ್ದಿ 2023ರಲ್ಲಿ ಬಂತು. ಉಂಗುರಗಳು ಬೆರಳಲ್ಲೇ ಉಳಿದು, ಹರಳುಗಳಷ್ಟೇ ನೀರಿನ ಜೊತೆ ಹರಿದುಹೋಗಿದ್ದವು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಆ ಕಾಲದ ಅನೇಕ ಉಂಗುರಗಳಲ್ಲಿ ಲೋಹದಲ್ಲಿ ತೋಡಿದ ಗುಳಿಯೊಳಗೆ ಹರಳನ್ನು ಅಂಟಿನಿಂದ ಕೂರಿಸುತ್ತಿದ್ದರು. ಬಿಸಿನೀರಿನ ಹಬೆಗೆ ಅಂಟು ಮೆತ್ತಗಾಗಿ, ಲೋಹವೂ ತುಸು ಹಿಗ್ಗಿ, ಹರಳು ಸಡಿಲವಾಗುತ್ತಿತ್ತು.

ಉಂಗುರದ ಕಟ್ಟುಗಳ ಇತಿಹಾಸವನ್ನು ಬಹುಪಾಲು ಅಂದದ ಇತಿಹಾಸವಾಗಿಯೇ ಬರೆದಿದ್ದಾರೆ. ಹರಳು ಯಾಕೆ ಬಿತ್ತು ಎಂಬ ಕಡೆಯಿಂದ ನೋಡಿದರೆ ಬೇರೊಂದು ಕಥೆ ಕಾಣುತ್ತದೆ. ಹರಳಿಗೆ ಬೆಳಕು ತಾಗಲೆಂದು ಕುಶಲಕರ್ಮಿಗಳು ಲೋಹವನ್ನು ಸ್ವಲ್ಪ ಸ್ವಲ್ಪವಾಗಿ ಕಿತ್ತುಹಾಕುತ್ತ ಬಂದರು. ಲೋಹ ಹೊರುತ್ತಿದ್ದ ಭಾರ ಕೊನೆಗೆ ಉಂಗುರ ತೊಟ್ಟವರ ಎಚ್ಚರದ ಮೇಲೆ ಬಿತ್ತು.

ಈ ಕಟ್ಟುಗಳಲ್ಲಿ ಹಳೆಯದು ಬೆಜೆಲ್. ಹರಳಿನ ಸುತ್ತ ತೆಳು ಲೋಹದ ಗೋಡೆ ನಿಲ್ಲಿಸಿ, ಅದರ ಅಂಚನ್ನು ಹರಳಿನ ಮೇಲಕ್ಕೆ ಒತ್ತಿ ಮಡಿಸುವ ವಿಧಾನವಿದು. ಅಂಟಿನ ನೆರವಿಲ್ಲದೆ ಗೋಡೆಯೇ ಹಿಡಿದರೆ ಹಬೆ ಅದನ್ನೇನೂ ಮಾಡಲಾರದು. ಭಾರತದಲ್ಲಿ ಇದೇ ಆಲೋಚನೆ ಕುಂದಣವಾಗಿ ಇನ್ನಷ್ಟು ಸೂಕ್ಷ್ಮವಾಯಿತು. ಬಹುತೇಕ ಕಲಬೆರಕೆಯಿಲ್ಲದ ಚಿನ್ನವನ್ನು ತೆಳ್ಳಗೆ ಬಡಿದು, ಹರಳಿನ ಸುತ್ತ ಪದರಪದರವಾಗಿ ತುರುಕಿ ಒತ್ತುತ್ತಾರೆ. ಅಷ್ಟು ಶುದ್ಧವಾದ ಚಿನ್ನ ಬೆಂಕಿ ಸೋಕದೆಯೇ, ಬರಿಯ ಒತ್ತಡಕ್ಕೆ ತನ್ನೊಳಗೆ ತಾನೇ ಬೆಸೆದುಕೊಳ್ಳುತ್ತದೆ. ಚಿನ್ನವನ್ನು ಹೀಗೆ ಶುದ್ಧಗೊಳಿಸಿ ಹರಳು ಕೂರಿಸುವ ಕೆಲಸದ ಪ್ರಸ್ತಾಪ ಅಬುಲ್ ಫಜಲನ ಐನ್-ಇ-ಅಕ್ಬರಿಯಲ್ಲಿದೆ.

ದುಡಿಯುವ ಕೈಗೆ ಎಂಥ ಕಟ್ಟು ಬೇಕೆಂಬ ಪ್ರಶ್ನೆಗೆ ನನಗೆ ಸಿಕ್ಕ ಅತ್ಯುತ್ತಮ ಹಳೆಯ ಉತ್ತರವೂ ಕುಂದಣದ್ದೇ: ಮೊಘಲರ ಬಿಲ್ಲುಗಾರರ ಹೆಬ್ಬೆರಳ ಉಂಗುರ. ಇದರ ಮಾದರಿಗಳನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ, ಕುವೈತಿನ ಅಲ್-ಸಬಾ ಸಂಗ್ರಹದಲ್ಲಿ ನೋಡಬಹುದು. ಹೆದೆಯನ್ನು ಹೆಬ್ಬೆರಳಿನಿಂದ ಎಳೆಯುವಾಗ ಚರ್ಮ ಹರಿಯದಂತೆ ಕಾಯುವುದು ಇದರ ಕೆಲಸ. ಅದಕ್ಕೆ ಒಂದು ಬದಿ ನಾಲಗೆಯಂತೆ ಮುಂದೆ ಚಾಚಿರುತ್ತದೆ. ಹಸಿರು ಅಥವಾ ಬಿಳಿ ಜೇಡ್ ಕಲ್ಲಿನಲ್ಲಿ ಸಣ್ಣ ಗುಳಿ ತೋಡಿ, ಮಾಣಿಕ್ಯ ಪಚ್ಚೆಗಳನ್ನು ಕುಂದಣದಿಂದ ಬಿಗಿದಿರುತ್ತಾರೆ. ಹರಳು ಕಲ್ಲಿನ ಮೈಗೆ ಹೆಚ್ಚುಕಡಿಮೆ ಸಮನಾಗಿ ಕೂರುತ್ತದೆ. ಹೆದೆಗಾಗಲಿ ತೋಳಿನ ಬಟ್ಟೆಗಾಗಲಿ ಸಿಕ್ಕಿಕೊಳ್ಳುವಂಥದ್ದು ಏನೂ ಇಲ್ಲ. ಇವುಗಳಲ್ಲಿ ಹಲವು ಆಸ್ಥಾನದ ಮೆರುಗಿಗಾಗಿ ಮಾಡಿದವು, ನಿಜ. ಆದರೂ ಕೆಲಸ ರೂಪಿಸಿದ ಆಕಾರವನ್ನು ಅವು ಬಿಟ್ಟುಕೊಟ್ಟಿಲ್ಲ.

ಯುರೋಪಿನಲ್ಲೂ ಹದಿನೆಂಟನೆಯ ಶತಮಾನದವರೆಗೆ ಹರಳಿನ ಬೆನ್ನು ಸಾಮಾನ್ಯವಾಗಿ ಮುಚ್ಚಿರುತ್ತಿತ್ತು. ಹೊಳಪು ಹೆಚ್ಚಿಸಲು ಹಿಂದೆ ಮಿನುಗುವ ತಗಡಿಡುತ್ತಿದ್ದರು. ಇಟಲಿಯ ಅಕ್ಕಸಾಲಿಗ ಚೆಲ್ಲಿನಿ ತನ್ನ ಕಸುಬಿನ ಬಗ್ಗೆ ಬರೆದು 1568ರಲ್ಲಿ ಅಚ್ಚಾದ ಗ್ರಂಥದಲ್ಲಿ ಈ ತಗಡುಗಳ ವಿವರವಿದೆ. ನಮ್ಮ ಮನೆಗಳ ಹಳೆಯ ವಜ್ರದ ಓಲೆಗಳಲ್ಲಿ ಇಂದಿಗೂ ಕ್ಲೋಸ್ಡ್ ಸೆಟ್ಟಿಂಗ್ ಎಂದು ಕರೆಯುವುದು ಈ ಬಗೆಯನ್ನೇ. ಇದರ ದೌರ್ಬಲ್ಯ ನೀರು. ಒಳಗೆ ತೇವ ಹೊಕ್ಕರೆ ತಗಡು ಕಪ್ಪಾಗಿ ಹರಳು ಮಂಕಾಗುತ್ತದೆ. ಅರಗಿನ ಮೇಲೆ ಕೂರಿಸಿದ ಕುಂದಣದ ಒಡವೆಗೂ ಬಿಸಿನೀರು ಆಗಿಬರುವುದಿಲ್ಲ.

1867ರ ನಂತರ ದಕ್ಷಿಣ ಆಫ್ರಿಕಾದ ವಜ್ರಗಳು ಮಾರುಕಟ್ಟೆಗೆ ಬಂದಮೇಲೆ ಬೆಳಕಿನ ಹಂಬಲ ಹೆಚ್ಚಿತು. ಹರಳನ್ನು ಉಗುರುಗಳಂತೆ ಹಿಡಿಯುವ ಲೋಹದ ಪ್ರಾಂಗ್‌ಗಳು ಅದಕ್ಕೂ ಮೊದಲೇ ಇದ್ದವು. ಅವನ್ನೇ ಮುಂದೆ ತಂದು, 1886ರಲ್ಲಿ ನ್ಯೂಯಾರ್ಕಿನ ಟಿಫನಿ ಸಂಸ್ಥೆ ವಜ್ರವನ್ನು ಉಂಗುರದ ಪಟ್ಟಿಯಿಂದ ಮೇಲಕ್ಕೆತ್ತಿ ಆರು ಪ್ರಾಂಗ್‌ಗಳ ಮೇಲೆ ನಿಲ್ಲಿಸಿತು. ಪ್ರತಿ ಪ್ರಾಂಗಿನ ಒಳಮೈಯಲ್ಲಿ ಹರಳಿನ ನಡು ಕೂರುವಷ್ಟು ಕಚ್ಚು ಕೊರೆದು, ತುದಿಯನ್ನು ಮೇಲಿನಿಂದ ಬಾಗಿಸಿ, ದುಂಡಗೆ ಉಜ್ಜುವುದು ಇದರ ಕೆಲಸ. ಕಚ್ಚು ಆಳವಾದರೆ ಪ್ರಾಂಗ್ ಅಲ್ಲೇ ಮುರಿಯುತ್ತದೆ, ತೀರಾ ತೆಳುವಾದರೆ ಹರಳು ಜಾರುತ್ತದೆ. ಅದಕ್ಕಾಗಿ ಪ್ರಾಂಗಿನ ದಪ್ಪದ ಮೂರನೆಯ ಒಂದು ಭಾಗದಷ್ಟನ್ನು ಮಾತ್ರ ಕೊರೆಯುವುದು ವಾಡಿಕೆ.

ಆರು ಪ್ರಾಂಗೇ ಯಾಕೆ, ನಾಲ್ಕು ಸಾಲದೇ? ಇದನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಕ್ಯಾರಟ್ಟಿನ ದುಂಡು ವಜ್ರದ ವ್ಯಾಸ ಸುಮಾರು 6.5 ಮಿಲಿಮೀಟರ್, ಸುತ್ತಳತೆ 20 ಮಿಲಿಮೀಟರಿಗೆ ತುಸು ಹೆಚ್ಚು. ಒಂದೊಂದು ಪ್ರಾಂಗ್ 1 ಮಿಲಿಮೀಟರ್ ಅಗಲವಿದ್ದರೆ, ನಾಲ್ಕು ಪ್ರಾಂಗ್‌ಗಳು ಸುತ್ತಳತೆಯ ಐದನೆಯ ಒಂದು ಭಾಗವನ್ನಷ್ಟೇ ಹಿಡಿಯುತ್ತವೆ. ಆರಾದರೆ ಮೂರನೆಯ ಒಂದು ಭಾಗಕ್ಕೆ ಹತ್ತಿರ. ಬೆಜೆಲ್ ಪೂರ್ತಿ ಸುತ್ತನ್ನೂ ಹಿಡಿದಿರುತ್ತದೆ. ಹಿಡಿತದ ಅಳತೆಗಿಂತ ಮುಖ್ಯವಾದದ್ದು, ಒಂದು ಪ್ರಾಂಗ್ ಮುರಿದಾಗ ಏನಾಗುತ್ತದೆ ಎಂಬುದು. ನಾಲ್ಕರಲ್ಲಿ ಒಂದು ಹೋದರೆ ಉಳಿದವುಗಳ ನಡುವೆ 180 ಡಿಗ್ರಿಯ ಬಾಯಿ ತೆರೆಯುತ್ತದೆ, ಅಂದರೆ ಅರ್ಧ ವೃತ್ತ. ಹರಳು ಆ ಕಡೆಯಿಂದ ಜಾರಿ ಹೋಗಲು ತಡೆಯೇ ಇಲ್ಲ. ಆರರಲ್ಲಿ ಒಂದು ಹೋದರೆ ತೆರೆಯುವುದು 120 ಡಿಗ್ರಿ ಮಾತ್ರ. ವೃತ್ತದ ಅಗಲವಾದ ಭಾಗ ಅದರಲ್ಲಿ ತೂರಲಾರದು. ರಿಪೇರಿಗೆ ಕೊಡುವವರೆಗೆ ಹರಳು ನಿಂತಿರುತ್ತದೆ.

ಚಾನೆಲ್ ಕಟ್ಟಿನ ಕಥೆ ಬೇರೆ. ಇದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಪ್ಲಾಟಿನಂ ಬಳಕೆ ಹೆಚ್ಚಿದ ಕಾಲದಲ್ಲಿ, ಬಹಳ ಜನಪ್ರಿಯವಾಯಿತು. ಎರಡು ಗೋಡೆಗಳ ಒಳಮೈಯಲ್ಲಿ ಗೀರು ಕೊರೆದು, ಸಣ್ಣ ಹರಳುಗಳನ್ನು ಸಾಲಾಗಿ ಕೂರಿಸುತ್ತಾರೆ. ಮೇಲೆ ಸಿಕ್ಕಿಕೊಳ್ಳುವ ಮುಳ್ಳಿಲ್ಲ, ಆದ್ದರಿಂದ ಕೆಲಸದ ಕೈಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತಾರೆ. ನಾನು ಅಷ್ಟು ಧಾರಾಳಿಯಲ್ಲ. ಸ್ಪಾನರ್, ಬಕೆಟ್ಟಿನ ಹಿಡಿ, ಜಿಮ್ಮಿನ ಡಂಬೆಲ್ ಇವುಗಳನ್ನು ಬಿಗಿಹಿಡಿದಾಗ ಉಂಗುರ ಸ್ವಲ್ಪ ಸ್ವಲ್ಪವಾಗಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಗೋಡೆಗಳು ಆಗ ಅಗಲವಾಗಿ ಒಂದಲ್ಲ, ಅಕ್ಕಪಕ್ಕದ ಹಲವು ಹರಳುಗಳು ಒಟ್ಟಿಗೇ ಸಡಿಲಗೊಳ್ಳುತ್ತವೆ. ಸುತ್ತಲೂ ಹರಳಿರುವ ಚಾನೆಲ್ ಉಂಗುರದ ಅಳತೆ ಬದಲಿಸುವುದೂ ಕಷ್ಟ.

ಹಾಗಾದರೆ ಹಿಟ್ಟು ನಾದುವವರು, ಗಾಡಿ ರಿಪೇರಿ ಮಾಡುವವರು, ದಿನಕ್ಕೆ ಹತ್ತಾರು ಸಲ ಕೈಗವಸು ತೊಟ್ಟು ಬಿಚ್ಚುವ ನರ್ಸ್‌ಗಳು ಏನು ಆರಿಸಬೇಕು? ತಗ್ಗಾದ ಬೆಜೆಲ್ ಎಂಬುದು ನನ್ನ ತೀರ್ಮಾನ. ಅದಕ್ಕೂ ಮಿತಿಗಳಿವೆ. ಗೋಡೆ ಒತ್ತುವಾಗ ಪಚ್ಚೆಯಂಥ ಬಿರುಕುಳ್ಳ ಹರಳು ಒಡೆಯಬಹುದು, ಅಂಚಿನ ಪೆಟ್ಟು ಗೋಡೆಯ ಮರೆಯಲ್ಲಿ ಕಾಣದೆಯೂ ಇರಬಹುದು. ಗಡಸಾದ ವಜ್ರವೂ ಕೆಲವು ದಿಕ್ಕುಗಳಲ್ಲಿ ಪೆಟ್ಟು ಬಿದ್ದರೆ ಸೀಳುತ್ತದೆ. ಅದರ ತೆಳು ಅಂಚನ್ನು ಕಾಯುವ ಕೆಲಸವನ್ನು ಬೆಜೆಲ್ ಮಾಡುವಷ್ಟು ಚೆನ್ನಾಗಿ ಪ್ರಾಂಗ್ ಮಾಡದು.

ಈಗಾಗಲೇ ಪ್ರಾಂಗಿನ ಉಂಗುರ ತೊಡುವವರು ಹತ್ತಿಯ ಎಳೆಯೊಂದನ್ನು ಹರಳಿನ ಸುತ್ತ ಎಳೆದು ನೋಡಲಿ. ಎಳೆ ಸಿಕ್ಕಿಕೊಂಡ ಕಡೆ ತುದಿ ಎದ್ದಿದೆ ಅಥವಾ ಸವೆದಿದೆ. ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಟಿಕ್ ಟಿಕ್ ಕೇಳಿಸಿದರೆ ಹರಳು ಸಡಿಲವಾಗಿದೆ. ಸವೆದ ತುದಿಗೆ ಅಕ್ಕಸಾಲಿಗರು ಹೊಸ ಚಿನ್ನ ಬೆಸೆದು ಕೊಡುತ್ತಾರೆ. ಬ್ಲೀಚ್ ಬಳಸುವಾಗ, ಈಜುಕೊಳಕ್ಕೆ ಇಳಿಯುವಾಗ ಉಂಗುರ ತೆಗೆದಿಡಿ. ಕ್ಲೋರಿನ್ ಚಿನ್ನದ ಮಿಶ್ರಲೋಹವನ್ನು ಕೊರೆದು ಪ್ರಾಂಗಿನಲ್ಲಿ ಬಿರುಕು ಹುಟ್ಟಿಸುತ್ತದೆ. ತಿರುಗುವ ಯಂತ್ರದ ಎದುರು ನಿಲ್ಲುವವರಿಗೆ ಮಾತ್ರ ಯಾವ ಕಟ್ಟೂ ಸುರಕ್ಷಿತವಲ್ಲ. ಅಲ್ಲಿ ಅಪಾಯ ಹರಳಿಗಲ್ಲ, ಬೆರಳಿಗೆ. ಯಂತ್ರದ ಸ್ವಿಚ್ ಒತ್ತುವ ಮುನ್ನ ಉಂಗುರವನ್ನು ಕಳಚಿಡಿ.