ಆರೋಗ್ಯ ವಿಮೆ: ಮೊದಲ ದಿನದಿಂದಲೇ ಎಲ್ಲ ಕಾಯಿಲೆಗೂ ಹಣ ಸಿಗುತ್ತದೆಯೇ?

ಇಲ್ಲ. ಯಾವುದಕ್ಕೆ ಯಾವಾಗ ಹಣ ಸಿಗುತ್ತದೆ ಎಂಬುದು ಪಾಲಿಸಿಯ ಪಿಡಿಎಫ್‌ನಲ್ಲೇ ಇರುತ್ತದೆ. ಅದನ್ನು ಮೊಬೈಲ್‌ನಲ್ಲಿ ತೆರೆದು `Excl` ಎಂದು ಹುಡುಕಿ. ವೈಯಕ್ತಿಕ ಪಾಲಿಸಿಗಳಲ್ಲಿ ಮುಖ್ಯ ಷರತ್ತುಗಳಿಗೆ ಒಂದೇ ಬಗೆಯ ಸಂಕೇತಗಳಿವೆ. ನಾವು ಮಾಡಿಕೊಂಡ ಪಟ್ಟಿ ಹೀಗಿದೆ:

- `Excl01`: ಪಾಲಿಸಿಗೆ ಮೊದಲೇ ಇದ್ದ ಬಿಪಿ, ಶುಗರ್‌ನಂತಹ ಕಾಯಿಲೆ. ಎಷ್ಟು ತಿಂಗಳು ಕಾಯಬೇಕು? 2024ರ ಏಪ್ರಿಲ್‌ನಿಂದ ಇದರ ಗರಿಷ್ಠ ಮಿತಿ 36 ತಿಂಗಳು.
- `Excl02`: ಹೆಸರಿಸಿದ ಕಾಯಿಲೆಗಳು. ಕಣ್ಣಿನ ಪೊರೆ, ಹರ್ನಿಯಾ ಸಾಮಾನ್ಯವಾಗಿ ಇಲ್ಲಿರುತ್ತವೆ.
- `Excl03`: ಮೊದಲ 30 ದಿನ. ಅಪಘಾತಕ್ಕೆ ಇದು ಅನ್ವಯಿಸದು.
- `Excl04`ರಿಂದ ಮುಂದೆ: ಹಣ ಸಿಗದ ಚಿಕಿತ್ಸೆಗಳು.

ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಹುಡುಕಿದರೆ ಏನೂ ಸಿಗದಿರಬಹುದು. ಷರತ್ತೇ ಇಲ್ಲ ಎಂದು ತಿಳಿಯಬೇಡಿ, ಪುಟ ತಿರುವಿ ಓದಿ.

ಕೊನೆಗೆ `room rent` ಹುಡುಕಿ. ಸಿಂಧನೂರು, ಲಿಂಗಸುಗೂರು ಅಥವಾ ಮಸ್ಕಿಯಿಂದ ದೊಡ್ಡ ಊರಿನ ಆಸ್ಪತ್ರೆಗೆ ಹೋದಾಗ ಹೆಚ್ಚಾಗಿ ಪೆಟ್ಟು ಬೀಳುವುದು ಇಲ್ಲೇ. 5 ಲಕ್ಷದ ಪಾಲಿಸಿಯಲ್ಲಿ ಕೊಠಡಿ ಬಾಡಿಗೆಗೆ ದಿನಕ್ಕೆ ಶೇ 1, ಅಂದರೆ 5,000 ರೂ. ಮಿತಿ ಇದೆ ಎಂದುಕೊಳ್ಳಿ. ನೀವು 8,000 ರೂ. ಕೊಠಡಿ ಪಡೆದರೆ ಕಡಿತವಾಗುವುದು ಬಾಡಿಗೆಯ ವ್ಯತ್ಯಾಸವಷ್ಟೇ ಅಲ್ಲ. ಪಾಲಿಸಿಯಲ್ಲಿ ಅನುಪಾತದ ಕಡಿತವೆಂಬ ಷರತ್ತಿದ್ದರೆ ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಶುಲ್ಕವೂ ಎಂಟಕ್ಕೆ ಐದರಂತೆ ಇಳಿಯುತ್ತದೆ. ಈ ಶುಲ್ಕಗಳು 80,000 ರೂ. ಆಗಿದ್ದರೆ ಸಿಗುವುದು 50,000 ರೂ. ಮಾತ್ರ. ಔಷಧ ಮತ್ತು ಪರೀಕ್ಷೆಗಳ ಬಿಲ್‌ಗೆ ಈ ಕಡಿತವಿಲ್ಲ.

ಆದ್ದರಿಂದ ದಾಖಲಾಗುವಾಗಲೇ ಮಿತಿಯೊಳಗಿನ ಕೊಠಡಿ ಕೇಳಿ.